ದ್ವಿಪದ ವಿಸ್ತರಣೆಯ ಹಾಳೆ: ಸಹಗುಣಕಗಳನ್ನು ತ್ರಿಭುಜದ ಸಾಲಿನಿಂದಲೂ ಸಾಮಾನ್ಯ ಪದದಿಂದಲೂ ಪರೀಕ್ಷಿಸುವುದು ಹೇಗೆ

ಪ್ರಥಮ ಪಿಯುಸಿ ಮಕ್ಕಳು ಬಿಡಿಸಿದ ದ್ವಿಪದ ಪ್ರಮೇಯದ ಹಾಳೆಗಳನ್ನು ನಾನು ಪ್ರತಿ ವರ್ಷ ತಿದ್ದುತ್ತೇನೆ. (2x − 3)⁵ ಅನ್ನು ವಿಸ್ತರಿಸಿ ಅಂತ ಕೊಟ್ಟರೆ, 1, 5, 10, 10, 5, 1 ಎಂಬ ಸಾಲು ಸಾಮಾನ್ಯವಾಗಿ ಎಲ್ಲರ ಹಾಳೆಯಲ್ಲೂ ಸರಿಯಾಗಿಯೇ ಇರುತ್ತದೆ. ಆದರೂ ಉತ್ತರ ತಪ್ಪಿರುತ್ತದೆ. ಮಕ್ಕಳು ಬಂದು, "ಸರ್, ಪ್ಯಾಸ್ಕಲ್ ತ್ರಿಭುಜದ ಜೊತೆ ತಾಳೆ ನೋಡಿದ್ದೆ, ಸರಿ ಇತ್ತಲ್ವಾ?" ಎಂದು ಕೇಳುತ್ತಾರೆ. ಅವರು ತಾಳೆ ನೋಡಿದ್ದು ನಿಜ. ಆದರೆ ಆ ತಾಳೆ ಎಲ್ಲಿಯವರೆಗೆ ಸಾಕು, ಎಲ್ಲಿಂದ ಮುಂದೆ ಸಾಲದು ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಗೊಂದಲ ಒಂದು ಪದದಲ್ಲಿದೆ. ತ್ರಿಭುಜದಲ್ಲಿರುವ ⁵C₂ = 10 ಅನ್ನೂ ಸಹಗುಣಕ ಅನ್ನುತ್ತೇವೆ. ಉತ್ತರದಲ್ಲಿ x³ ನ ಮುಂದಿರುವ 720 ಅನ್ನೂ ಸಹಗುಣಕ ಅನ್ನುತ್ತೇವೆ. ಎರಡೂ ಬೇರೆ ಬೇರೆ. ಈ ಬರಹದಲ್ಲಿ ಮೊದಲನೆಯದನ್ನು "ಸಾಲಿನ ಸಂಖ್ಯೆ" ಎಂದೂ, ಎರಡನೆಯದನ್ನು "ಪದದ ಸಹಗುಣಕ" ಎಂದೂ ಕರೆಯುತ್ತೇನೆ. (x + y)⁵ ರಂಥ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ ಆಗುತ್ತವೆ. ಪಾಠ ಶುರುವಾಗುವುದು ಆ ಲೆಕ್ಕದಿಂದಲೇ. ಹಾಗಾಗಿ ಎರಡೂ ಒಂದೇ ಅನ್ನುವ ಭಾವನೆ ಮಕ್ಕಳ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

## ಮೊದಲು ಹಾಳೆಗೆ ಗೆರೆ ಹಾಕಿ

ಉತ್ತರವನ್ನು ಒಂದೇ ಉದ್ದ ಸಾಲಿನಲ್ಲಿ ಬರೆಯುತ್ತಾ ಹೋಗಬೇಡಿ. ಹಾಗೆ ಬರೆದರೆ ತಪ್ಪು ಎಲ್ಲಿ ಸೇರಿಕೊಂಡಿತು ಅಂತ ಹುಡುಕಲು ಆಗುವುದಿಲ್ಲ. ಹಾಳೆಯನ್ನು ಅಡ್ಡ ಇಟ್ಟುಕೊಂಡು ಐದು ಕಾಲಂ ಮಾಡಿ. ಮೊದಲನೆಯದು r. ಎರಡನೆಯದು ಸಾಲಿನ ಸಂಖ್ಯೆ ⁿCᵣ. ಮೂರನೆಯದು ಮೊದಲ ಪದದ ಘಾತ aⁿ⁻ʳ, ನಾಲ್ಕನೆಯದು ಎರಡನೇ ಪದದ ಘಾತ bʳ. ಕೊನೆಯದು ಮೂರರ ಗುಣಲಬ್ಧ.

ಕಾಲಂ ತುಂಬುವ ಮುಂಚೆ ಹಾಳೆಯ ತಲೆಯಲ್ಲಿ a, b, n ಏನು ಅಂತ ಬರೆಯಿರಿ. ನಮ್ಮ ಲೆಕ್ಕಕ್ಕೆ ಹೀಗೆ:

```
a = (2x)    b = (−3)    n = 5
```

ಆ ಆವರಣ ಸುಮ್ನೆ ಚಂದಕ್ಕೆ ಹಾಕಿದ್ದಲ್ಲ. ಈ ಅಧ್ಯಾಯದ ತಪ್ಪುಗಳಲ್ಲಿ ಹೆಚ್ಚಿನವು ಆವರಣ ಬಿಟ್ಟಿದ್ದರಿಂದಲೇ ಆಗುತ್ತವೆ. ಅದನ್ನು ಮುಂದೆ ತೋರಿಸುತ್ತೇನೆ. b ಯಲ್ಲಿ ಋಣ ಚಿಹ್ನೆಯೂ ಸೇರಿದೆ ಎನ್ನುವುದನ್ನು ಗಮನಿಸಿ. b ಎಂದರೆ 3 ಅಲ್ಲ, −3.

## ಸಾಲನ್ನು ಬರೆಯಿರಿ, ಆದರೆ ಎರಡು ದಾರಿಯಲ್ಲಿ

ತ್ರಿಭುಜ ಎಲ್ಲರಿಗೂ ಗೊತ್ತು. ಮೇಲಿನ ಸಾಲಿನ ಅಕ್ಕಪಕ್ಕದ ಎರಡು ಸಂಖ್ಯೆ ಕೂಡಿದರೆ ಕೆಳಗಿನ ಸಾಲಿನ ಸಂಖ್ಯೆ.

```
n = 0            1
n = 1          1   1
n = 2        1   2   1
n = 3      1   3   3   1
n = 4    1   4   6   4   1
n = 5  1   5  10  10   5   1
```

ಸಾಲಿನ ಎಣಿಕೆ ಸೊನ್ನೆಯಿಂದ ಶುರು. ತುದಿಯ ಒಂಟಿ 1 ಅನ್ನು "ಮೊದಲ ಸಾಲು" ಅಂತ ಎಣಿಸಿದರೆ ಒಂದು ಸಾಲು ಹಿಂದೆ ಬೀಳುತ್ತೀರಿ. ಸರಿಯಾದ ಸಾಲಿನಲ್ಲಿ ಇದ್ದೀರೋ ಇಲ್ಲವೋ ಅಂತ ನೋಡಲು ಎರಡನೇ ಸಂಖ್ಯೆ ನೋಡಿದರೆ ಸಾಕು. ಅದು n ಆಗಿರಲೇಬೇಕು.

ಈ ಸಂಖ್ಯೆಗಳು ಎಲ್ಲಿಂದ ಬರುತ್ತವೆ ಅಂತ ಒಮ್ಮೆ ಯೋಚಿಸಿದರೆ ಮುಂದಿನದೆಲ್ಲ ಸುಲಭ. ನಾಲ್ಕು ಅಕ್ಷರಗಳ ಒಂದು ಪಾದ ಇದೆ ಅಂದುಕೊಳ್ಳಿ. ಪ್ರತಿ ಅಕ್ಷರ ಗುರುವಾಗಬಹುದು ಅಥವಾ ಲಘುವಾಗಬಹುದು. ಒಂದೂ ಲಘು ಇಲ್ಲದ ಪಾದ 1. ಒಂದು ಲಘು ಇರುವವು 4. ಎರಡು ಲಘು ಇರುವವು 6. ಆಮೇಲೆ 4, ಆಮೇಲೆ 1. ಪಿಂಗಲನ ಛಂದಶ್ಶಾಸ್ತ್ರಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಇದೇ ತ್ರಿಭುಜವನ್ನು ಮೇರು ಪ್ರಸ್ತಾರ ಎಂಬ ಹೆಸರಿನಲ್ಲಿ ವಿವರಿಸಿದ್ದಾನೆ. (2x − 3)⁵ ರಲ್ಲೂ ಆಗುವುದು ಅದೇ. ಐದು ಆವರಣಗಳಿವೆ. ಪ್ರತಿಯೊಂದರಿಂದ 2x ಅಥವಾ −3 ಅನ್ನು ಆರಿಸಬೇಕು. ಎರಡು ಆವರಣದಿಂದ −3, ಉಳಿದ ಮೂರರಿಂದ 2x ಆರಿಸುವ ಬಗೆಗಳು 10. ಅದಕ್ಕೇ r ಎಂದರೆ "ಎಷ್ಟು ಆವರಣದಿಂದ ಎರಡನೇ ಪದ ತೆಗೆದುಕೊಂಡೆವು" ಎಂಬ ಲೆಕ್ಕ.

ಎರಡನೇ ದಾರಿ ತ್ರಿಭುಜವನ್ನು ಮುಟ್ಟುವುದೇ ಇಲ್ಲ. ⁵C₃ ಬೇಕೆಂದರೆ 5 ರಿಂದ ಇಳಿಯುತ್ತಾ ಮೂರು ಸಂಖ್ಯೆ ಮೇಲೆ ಬರೆಯಿರಿ, 1 ರಿಂದ ಏರುತ್ತಾ ಮೂರು ಸಂಖ್ಯೆ ಕೆಳಗೆ ಬರೆಯಿರಿ, ಭಾಗಿಸಿ.

```
⁵C₃ = (5 × 4 × 3) / (1 × 2 × 3) = 60 / 6 = 10
```

ಇದು ನಮ್ಮ ನೆಲದ್ದೇ ಲೆಕ್ಕ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಏರುವ ಸಾಲು ಒಂದು, ಇಳಿಯುವ ಸಾಲು ಒಂದು ಬರೆದು ಗುಣಿಸಿ ಭಾಗಿಸುವ ಈ ನಿಯಮ ಆ ಗ್ರಂಥದಲ್ಲಿದೆ. ದೊಡ್ಡ ಫ್ಯಾಕ್ಟೋರಿಯಲ್‌ಗಳನ್ನು ಬರೆದು ಹೊಡೆದುಹಾಕುವುದಕ್ಕಿಂತ ಇದರಲ್ಲಿ ಕೈತಪ್ಪು ಕಡಿಮೆ. ನಾನು ಮಕ್ಕಳಿಗೆ ಮೊದಲು ಇದನ್ನೇ ಹೇಳಿಕೊಡುತ್ತೇನೆ.

ಎರಡು ದಾರಿ ಯಾಕೆ ಬೇಕು? ಸಾಲನ್ನು ತ್ರಿಭುಜದಿಂದ ನಕಲು ಮಾಡಿ, ಆಮೇಲೆ ಅದೇ ತ್ರಿಭುಜದ ಜೊತೆ ತಾಳೆ ನೋಡಿದರೆ ಅದು ಪರೀಕ್ಷೆಯೇ ಅಲ್ಲ. ತಪ್ಪಿದ್ದರೆ ಎರಡು ಕಡೆಯೂ ಅದೇ ತಪ್ಪು ಇರುತ್ತದೆ. ಸಾಲನ್ನು ಕೂಡುತ್ತಾ ಬರೆದಿದ್ದರೆ ಭಾಗಾಕಾರದಿಂದ ಪರೀಕ್ಷಿಸಿ. ಭಾಗಾಕಾರದಿಂದ ಬರೆದಿದ್ದರೆ ತ್ರಿಭುಜದಿಂದ ಪರೀಕ್ಷಿಸಿ.

n = 5 ಕ್ಕೆ ಇಷ್ಟೆಲ್ಲ ಬೇಕಿಲ್ಲ, ನಿಜ. n = 9 ಬಂದಾಗ ಬೇಕಾಗುತ್ತದೆ. ಆ ಸಾಲು 1, 9, 36, 84, 126, 126, 84, 36, 9, 1. ಸಾಮಾನ್ಯವಾಗಿ ಅರ್ಧ ಸಾಲು ಲೆಕ್ಕ ಹಾಕಿ ಉಳಿದರ್ಧವನ್ನು ತಿರುಗಿಸಿ ಬರೆಯುತ್ತೇವೆ. ಎಲ್ಲೋ 126 ರ ಬದಲು 124 ಬಂದರೆ ಆ ತಪ್ಪು ಎರಡು ಕಡೆ ಕೂರುತ್ತದೆ. ಸಾಲು ಆಗಲೂ ಎಡಬಲ ಸಮವಾಗಿಯೇ ಕಾಣುತ್ತದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಇದಕ್ಕೆ ಮದ್ದು ಮೊತ್ತ. ಸಾಲಿನ ಎಲ್ಲ ಸಂಖ್ಯೆಗಳನ್ನು ಕೂಡಿದರೆ 2ⁿ ಬರಬೇಕು. 2⁹ = 512. ತಪ್ಪು ಸಾಲು ಕೂಡಿದರೆ 508 ಬರುತ್ತದೆ, ಸಿಕ್ಕಿಬೀಳುತ್ತದೆ.

ಒಂದು ಎಚ್ಚರ. ಸಾಲಿನ ಸಂಖ್ಯೆಗಳಿಗೆ +, −, +, − ಹಾಕಿ ಕೂಡಿದರೆ ಸೊನ್ನೆ ಬರಬೇಕು ಅನ್ನುವ ಇನ್ನೊಂದು ಪರೀಕ್ಷೆ ಇದೆಯಲ್ಲ, n ಬೆಸ ಸಂಖ್ಯೆಯಾದಾಗ ಅದನ್ನು ನಂಬಬೇಡಿ. ಬೆಸ ಸಾಲಿನಲ್ಲಿ ಎಡದ 124 ಕ್ಕೆ + ಬಂದರೆ ಬಲದ 124 ಕ್ಕೆ − ಬರುತ್ತದೆ. ತಿರುಗಿಸಿ ಬರೆದ ಯಾವ ಸಾಲಾದರೂ, ಸರಿಯಿರಲಿ ತಪ್ಪಿರಲಿ, ಸೊನ್ನೆಯೇ ಬರುತ್ತದೆ.

## ಕಾಲಂ ತುಂಬುವುದು

ಈಗ (2x − 3)⁵ ಅನ್ನು ಪೂರ್ತಿ ಬಿಡಿಸೋಣ.

| r | ⁵Cᵣ | (2x)⁵⁻ʳ | (−3)ʳ | ಪದ |
|---|---|---|---|---|
| 0 | 1 | 32x⁵ | 1 | 32x⁵ |
| 1 | 5 | 16x⁴ | −3 | −240x⁴ |
| 2 | 10 | 8x³ | 9 | 720x³ |
| 3 | 10 | 4x² | −27 | −1080x² |
| 4 | 5 | 2x | 81 | 810x |
| 5 | 1 | 1 | −243 | −243 |

ಅಡ್ಡಸಾಲು ಒಂದೊಂದಾಗಿ ತುಂಬಬೇಡಿ. ಕಾಲಂ ಕಾಲಂ ಆಗಿ ಮೇಲಿನಿಂದ ಕೆಳಕ್ಕೆ ತುಂಬಿ. ಮೂರನೇ ಕಾಲಂನಲ್ಲಿ 32, 16, 8, 4, 2, 1 ಪ್ರತಿ ಹೆಜ್ಜೆಗೂ ಅರ್ಧವಾಗುತ್ತಾ ಇಳಿಯುತ್ತದೆ. ನಾಲ್ಕನೇ ಕಾಲಂ ಪ್ರತಿ ಹೆಜ್ಜೆಗೂ −3 ರಿಂದ ಗುಣವಾಗುತ್ತದೆ, ಹಾಗಾಗಿ ಚಿಹ್ನೆ ಒಂದು ಬಿಟ್ಟು ಒಂದು ಬದಲಾಗುತ್ತದೆ. ಹೀಗೆ ಕೆಳಕ್ಕೆ ಇಳಿಯುವಾಗ ಯಾವುದಾದರೂ ತಪ್ಪಿದರೆ ಓಟ ಕೆಡುತ್ತದೆ, ತಕ್ಷಣ ಕಾಣುತ್ತದೆ. ಕೊನೆಯ ಕಾಲಂ ಮಾತ್ರ ಅಡ್ಡಕ್ಕೆ ಗುಣಿಸಿ.

ಆವರಣದ ವಿಷಯ ಈಗ ನೋಡಿ. (2x)⁵ ಬದಲು 2x⁵ ಅಂತ ಬರೆದುಕೊಂಡವರ ಮೂರನೇ ಕಾಲಂ 2x⁵, 2x⁴, 2x³, 2x², 2x, 1 ಆಗುತ್ತದೆ. ಅವರ ಪದಗಳು 2x⁵, −30x⁴, 180x³, −540x², 810x, −243. ಕೊನೆಯ ಎರಡು ಪದಗಳು ಸರಿಯಾದ ಉತ್ತರದವೇ! ಘಾತ ಒಂದು ಇದ್ದಲ್ಲಿ ಆವರಣ ಇದ್ದರೂ ಇಲ್ಲದಿದ್ದರೂ 2x ಬರುತ್ತದೆ, ಘಾತ ಸೊನ್ನೆ ಇದ್ದಲ್ಲಿ ಅವರೂ a⁰ = 1 ಅಂತಲೇ ಬರೆದುಕೊಳ್ಳುತ್ತಾರೆ. ಕೊನೆಯ ಪದಗಳನ್ನಷ್ಟೇ ಪುಸ್ತಕದ ಉತ್ತರದ ಜೊತೆ ಹೋಲಿಸಿ "ಸರಿ ಬಂತು" ಅಂದುಕೊಂಡರೆ ಮೋಸ ಹೋಗುತ್ತೀರಿ. ತ್ರಿಭುಜದ ಸಾಲಿನ ಜೊತೆ ಹೋಲಿಸಿದರೂ ಇದು ಸಿಗುವುದಿಲ್ಲ, ಯಾಕೆಂದರೆ ಎರಡನೇ ಕಾಲಂ ಸರಿಯಾಗಿಯೇ ಇದೆ.

## ಸಾಮಾನ್ಯ ಪದದಿಂದ ಒಂದು ಪದವನ್ನು ಹಿಡಿದು ನೋಡುವುದು

```
Tᵣ₊₁ = ⁿCᵣ · aⁿ⁻ʳ · bʳ
```

ಕೋಷ್ಟಕದ ಒಂದೊಂದು ಅಡ್ಡಸಾಲೂ ಈ ಸೂತ್ರವೇ. ಹಾಗಿದ್ದರೆ ಇದರಿಂದ ಪರೀಕ್ಷೆ ಹೇಗಾಗುತ್ತದೆ? ಕೋಷ್ಟಕವನ್ನು ಮುಚ್ಚಿಟ್ಟು, ನಡುವಿನ ಒಂದು ಪದವನ್ನು ಮೊದಲಿನಿಂದ ಲೆಕ್ಕ ಹಾಕಬೇಕು. ⁿCᵣ ಅನ್ನೂ ಭಾಗಾಕಾರದಿಂದಲೇ ತರಬೇಕು. ತುದಿಯ ಪದ ಆರಿಸಬೇಡಿ, ಅಲ್ಲಿ ತಪ್ಪು ಮಾಡುವುದೇ ಕಷ್ಟ. ನಾಲ್ಕನೇ ಪದ ತೆಗೆದುಕೊಳ್ಳೋಣ.

ನಾಲ್ಕನೇ ಪದ ಎಂದರೆ r + 1 = 4, ಅಂದರೆ r = 3. ಇಲ್ಲಿ r = 4 ಹಾಕುವುದು ತುಂಬಾ ಜನ ಮಾಡುವ ತಪ್ಪು. r = 4 ಹಾಕಿದರೆ 810x ಬರುತ್ತದೆ. ಅದು ಐದನೇ ಪದ. ಸರಿಯಾದ ಲೆಕ್ಕ ಹೀಗೆ:

```
T₄ = ⁵C₃ · (2x)² · (−3)³
   = 10 · 4x² · (−27)
   = −1080x²
```

ಕೋಷ್ಟಕದಲ್ಲೂ ಅದೇ ಇದೆ. x ನ ಘಾತ ಮತ್ತು r ಕೂಡಿದರೆ ಇಲ್ಲಿ 5 ಬರಬೇಕು ಅಂತಲೂ ನೋಡಿಕೊಳ್ಳಿ: 2 + 3 = 5.

## x ಗೆ ಬೆಲೆ ಕೊಟ್ಟು ಇಡೀ ಉತ್ತರವನ್ನು ನೋಡುವುದು

ಒಂದೊಂದೇ ಪದ ನೋಡುವುದಕ್ಕೆ ಸಮಯ ಬೇಕು. ಇಡೀ ಉತ್ತರವನ್ನು ಒಮ್ಮೆಲೇ ನೋಡಲು x = 1 ಹಾಕಿ. ಎಡಗಡೆ (2 − 3)⁵ = −1. ಬಲಗಡೆ ಪದಗಳ ಸಹಗುಣಕಗಳ ಮೊತ್ತ:

```
32 − 240 + 720 − 1080 + 810 − 243 = −1
```

ಸರಿ ಬಂತು. ಆವರಣ ಬಿಟ್ಟವರ ಉತ್ತರಕ್ಕೆ ಇದನ್ನೇ ಮಾಡಿದರೆ 179 ಬರುತ್ತದೆ, −1 ಅಲ್ಲ. ಇಲ್ಲಿ ಮಕ್ಕಳು ಮೊತ್ತ 2⁵ = 32 ಬರಬೇಕು ಅಂತ ಹುಡುಕುವುದೂ ಇದೆ. 32 ಬರಬೇಕಾದದ್ದು ಸಾಲಿನ ಸಂಖ್ಯೆಗಳನ್ನು ಕೂಡಿದಾಗ. ಪದದ ಸಹಗುಣಕಗಳನ್ನು ಕೂಡಿದಾಗ (a ನ ಸಹಗುಣಕ + b)ⁿ ಬರಬೇಕು.

ಮೊತ್ತ ತಪ್ಪಿದಾಗ ಎಷ್ಟು ತಪ್ಪಿತು ಅಂತ ನೋಡಿ, ಅದು ದಾರಿ ತೋರಿಸುತ್ತದೆ. ಮೊತ್ತ −1 ರ ಬದಲು 2159 ಬಂತು ಅಂದುಕೊಳ್ಳಿ. ವ್ಯತ್ಯಾಸ 2160. ಅದರ ಅರ್ಧ 1080. ನಿಮ್ಮ ಉತ್ತರದಲ್ಲಿ 1080 ಇದೆಯಲ್ಲ, ಅದರ ಚಿಹ್ನೆ ತಪ್ಪಿದೆ. ಚಿಹ್ನೆ ತಪ್ಪಿದರೆ ವ್ಯತ್ಯಾಸ ಯಾವಾಗಲೂ ಆ ಸಹಗುಣಕದ ಎರಡರಷ್ಟು.

ಹಿಂದೊಮ್ಮೆ ಒಬ್ಬಳು ಹುಡುಗಿಯ ಹಾಳೆ ನನ್ನನ್ನು ನಿಲ್ಲಿಸಿತು. ಕೋಷ್ಟಕ ಪೂರ್ತಿ ಸರಿಯಿತ್ತು. ಕೆಳಗೆ ಕೊನೆಯ ಉತ್ತರವನ್ನು ಇಳಿಸಿ ಬರೆಯುವಾಗ 720 ಮತ್ತು 810 ಅದಲುಬದಲಾಗಿದ್ದವು. 810x³ ಎಂದೂ 720x ಎಂದೂ ಬರೆದಿದ್ದಳು. ಪಕ್ಕದಲ್ಲೇ ಪೆನ್ಸಿಲಿನಲ್ಲಿ x = 1 ಹಾಕಿ −1 ತಂದಿದ್ದಳು, ಸರಿ ಗುರುತು ಹಾಕಿದ್ದಳು. ಅಷ್ಟಕ್ಕೇ ಬಿಟ್ಟಿರಲಿಲ್ಲ, x = −1 ಹಾಕಿ (−5)⁵ = −3125 ಕೂಡ ತಂದು ಇನ್ನೊಂದು ಗುರುತು ಹಾಕಿದ್ದಳು. ಅಷ್ಟು ಶ್ರದ್ಧೆಯಿಂದ ಎರಡು ಸಲ ಪರೀಕ್ಷಿಸಿದರೂ ತಪ್ಪು ಉಳಿದುಕೊಂಡಿತ್ತು.

ಯಾಕೆ ಅಂದರೆ, x = 1 ಹಾಕಿದಾಗ x³ ಗೂ x ಗೂ ಬೆಲೆ 1. ಸಂಖ್ಯೆಗಳು ಜಾಗ ಬದಲಿಸಿದರೂ ಮೊತ್ತ ಬದಲಾಗುವುದಿಲ್ಲ. x = −1 ಹಾಕಿದಾಗ x³ ಮತ್ತು x ಎರಡೂ ಬೆಸ ಘಾತ, ಎರಡಕ್ಕೂ ಬೆಲೆ −1. ಅಲ್ಲೂ ಮೊತ್ತ ಬದಲಾಗುವುದಿಲ್ಲ. ಜಾಗ ತಪ್ಪಿದ್ದು ಗೊತ್ತಾಗಬೇಕಾದರೆ ಪ್ರತಿ ಘಾತಕ್ಕೂ ಬೇರೆ ಬೇರೆ ಬೆಲೆ ಬರುವ x ಬೇಕು. ಇಲ್ಲಿ x = 2 ತುಂಬಾ ಅನುಕೂಲ, 2x − 3 ಕ್ಕೆ 1 ಬರುತ್ತದೆ, 1⁵ = 1.

```
32·32 − 240·16 + 720·8 − 1080·4 + 810·2 − 243
= 1024 − 3840 + 5760 − 4320 + 1620 − 243
= 1
```

ಅದಲುಬದಲಾದ ಉತ್ತರದಲ್ಲಿ ಇದು 541 ಆಗುತ್ತದೆ. ಅಂದಿನಿಂದ ನಾನು x = 1 ಜೊತೆ x = 2 ಕೂಡ ಹಾಕಿಸುತ್ತೇನೆ. ಬೇರೆ ಲೆಕ್ಕಗಳಲ್ಲಿ ಆವರಣದೊಳಗಿನದು 1, −1 ಅಥವಾ 0 ಆಗುವಂಥ ಬೆಲೆ ಹುಡುಕಿದರೆ ಎಡಗಡೆಯ ಕೆಲಸ ಉಳಿಯುತ್ತದೆ. ಆದರೆ ಆ ಬೆಲೆ 1, −1, 0 ಈ ಮೂರನ್ನು ಬಿಟ್ಟು ಬೇರೆ ಇರಲಿ.

## ಪೂರ್ತಿ ವಿಸ್ತರಿಸದೆ ಒಂದೇ ಪದ ಬೇಕಾದಾಗ

(x² − 2/x)⁹ ರಲ್ಲಿ x ಇಲ್ಲದ ಪದ ಯಾವುದು? ಹತ್ತು ಪದ ಬರೆಯುವ ಅಗತ್ಯವಿಲ್ಲ. ಇಲ್ಲಿ ಸಾಮಾನ್ಯ ಪದವೇ ಮುಖ್ಯ ಕೆಲಸಗಾರ, ಸಾಲು ಅದನ್ನು ತಾಳೆ ನೋಡಲು ಇದೆ.

a = (x²), b = (−2/x), n = 9. ಸಂಖ್ಯೆಗಳನ್ನು ಒಂದು ಕಡೆ, x ಗಳನ್ನು ಒಂದು ಕಡೆ ಸೇರಿಸಿ:

```
Tᵣ₊₁ = ⁹Cᵣ · (x²)⁹⁻ʳ · (−2/x)ʳ
     = ⁹Cᵣ · (−2)ʳ · x^(18 − 2r) · x^(−r)
     = ⁹Cᵣ · (−2)ʳ · x^(18 − 3r)
```

x ಇಲ್ಲದಿರಬೇಕು ಎಂದರೆ 18 − 3r = 0, ಅಂದರೆ r = 6. ಬೇಕಾದ್ದು ಏಳನೇ ಪದ.

```
T₇ = ⁹C₆ · (−2)⁶ = 84 · 64 = 5376
```

ಸಾಲಿನಲ್ಲಿ ತಾಳೆ ನೋಡಿ. ಸೊನ್ನೆಯಿಂದ ಎಣಿಸಿ: 1, 9, 36, 84, 126, 126, 84. r = 6 ರಲ್ಲಿ 84 ಇದೆ. ಸರಿ.

ಇಲ್ಲೊಂದು ಹೊಂಡ ಇದೆ. r = 3 ರಲ್ಲೂ 84 ಇದೆ! ಯಾರಾದರೂ a, b ಗಳ ಘಾತಗಳನ್ನು ತಿರುಗಿಸಿ, (−2/x) ಗೆ ಮೂರನೇ ಘಾತ ಹಾಕಿದರೆ 84 × (−8) = −672 ಬರುತ್ತದೆ. ತ್ರಿಭುಜದ ಸಾಲು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ನೀವು ಯಾವ ತುದಿಯಿಂದ ಎಣಿಸಿದಿರಿ ಅನ್ನುವುದನ್ನು ಅದು ಹೇಳಲಾರದು. ಹೇಳುವುದು x ನ ಘಾತ ಮಾತ್ರ. r = 3 ಆದರೆ ಘಾತ 18 − 9 = 9. ಅಂದರೆ −672 ಎನ್ನುವುದು x⁹ ನ ಸಹಗುಣಕ. ಆದ್ದರಿಂದ r ಸಿಕ್ಕ ಮೇಲೆ ಅದನ್ನು ಘಾತದ ಸೂತ್ರಕ್ಕೆ ಮತ್ತೆ ಹಾಕಿ ನೋಡಲೇಬೇಕು.

ಈ ಲೆಕ್ಕದಲ್ಲಿ ಘಾತಗಳು 18, 15, 12, 9, 6, 3, 0, −3, −6, −9 ಹೀಗೆ ಮೂರು ಮೂರಾಗಿ ಇಳಿಯುತ್ತವೆ. x⁴ ನ ಸಹಗುಣಕ ಕೇಳಿದರೆ 18 − 3r = 4 ರಿಂದ r = 14/3 ಬರುತ್ತದೆ. r ಭಿನ್ನರಾಶಿ ಆಗುವಂತಿಲ್ಲ, ನಾಲ್ಕೂ ಚಿಲ್ಲರೆ ಆವರಣ ಆರಿಸಲು ಆಗುವುದಿಲ್ಲವಲ್ಲ. ಅಂದರೆ x⁴ ಇರುವ ಪದವೇ ಇಲ್ಲ, ಸಹಗುಣಕ 0. ಲೆಕ್ಕ ತಪ್ಪಾಯಿತು ಅಂತ ಗಾಬರಿಯಾಗಿ r = 5 ಅಂತ ತಿದ್ದಿಕೊಳ್ಳಬೇಡಿ. ಆದರೆ ಇರಬೇಕಾದ ಪದಕ್ಕೆ r ಭಿನ್ನರಾಶಿಯೋ n ಗಿಂತ ದೊಡ್ಡದೋ ಆಗಿ ಬಂದರೆ, (x²)⁹⁻ʳ ಅನ್ನು x¹¹⁻ʳ ಅಂತ ಬರೆದಿದ್ದೀರಾ, ಛೇದದ x ಗೆ ಋಣ ಘಾತ ಹಾಕಲು ಮರೆತಿದ್ದೀರಾ ಅಂತ ನೋಡಿ.

## ಅಕ್ಕಪಕ್ಕದ ಪದಗಳ ಅನುಪಾತ

ಸಮಯ ಉಳಿದರೆ ಇದನ್ನೂ ಮಾಡಿ. ನನಗೆ ಎಲ್ಲ ಪರೀಕ್ಷೆಗಳಿಗಿಂತ ಇದು ಇಷ್ಟ. ಒಂದು ಪದದಿಂದ ಮುಂದಿನ ಪದಕ್ಕೆ ಹೋಗಲು ಗುಣಿಸಬೇಕಾದದ್ದು:

```
(n − r)/(r + 1) × b/a
```

ಇಲ್ಲಿ r ಎಂದರೆ ಈಗ ಕೈಯಲ್ಲಿರುವ ಪದದ r. (2x − 3)⁵ ರಲ್ಲಿ b/a ಯ ಸಂಖ್ಯಾಭಾಗ −3/2. (n − r)/(r + 1) ಭಾಗ ಕ್ರಮವಾಗಿ 5/1, 4/2, 3/3, 2/4, 1/5. ಮೇಲೆ ಇಳಿಯುವ ಸಾಲು, ಕೆಳಗೆ ಏರುವ ಸಾಲು, ಮಹಾವೀರಾಚಾರ್ಯರ ನಿಯಮವೇ ಒಂದೊಂದು ಹೆಜ್ಜೆಯಾಗಿ ಬಂತು. 32 ರಿಂದ ಹೊರಡಿ:

```
  32   × 5/1 × (−3/2) =  −240
−240   × 4/2 × (−3/2) =   720
 720   × 3/3 × (−3/2) = −1080
−1080  × 2/4 × (−3/2) =   810
 810   × 1/5 × (−3/2) =  −243
```

ಇದಕ್ಕೆ ತ್ರಿಭುಜವೂ ಬೇಡ, ಘಾತಗಳ ಕಾಲಂ ಕೂಡ ಬೇಡ. ದಾರಿಯಲ್ಲಿ ಎಲ್ಲಾದರೂ ಎಡವಿದ್ದರೆ ಆ ತಪ್ಪು ಕೊನೆಯವರೆಗೂ ಹೊತ್ತುಕೊಂಡು ಬರುತ್ತದೆ. ಕೊನೆಗೆ ಬರಬೇಕಾದ್ದು ಏನು ಅಂತ ಮೊದಲೇ ಗೊತ್ತು: (−3)⁵ = −243. ಅಲ್ಲಿಗೆ ಬಂದು ನಿಂತರೆ ಆರೂ ಸಹಗುಣಕಗಳನ್ನು ಕೋಷ್ಟಕದ ಕೊನೆಯ ಕಾಲಂ ಪಕ್ಕದಲ್ಲಿ ಬರೆದು ಒಂದೊಂದಾಗಿ ಹೋಲಿಸಿ. ಎಲ್ಲಿ ಬೇರೆ ಇದೆಯೋ ಆ ಅಡ್ಡಸಾಲನ್ನು ಮಾತ್ರ ಮತ್ತೆ ಗುಣಿಸಿದರೆ ಸಾಕು.